ಸಿಟಿಯಲ್ಲಿ ಕಾಣದ ಕಲ್ಲು: ಮೇದೋಜೀರಕ ಗ್ರಂಥಿ ಊದಿಕೊಂಡ ಒಂದು ಪ್ರಕರಣ

ಈ ರೋಗಿ ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್. ವಯಸ್ಸು 54, ತೂಕ 64 ಕೆ.ಜಿ. ಹುತ್ತರಿಯ ಮಾರನೆಯ ದಿನ ಬೆಳಿಗ್ಗೆ ಮಡಿಕೇರಿಗೆ ಕರೆತಂದಾಗ ಮಲಗಲೂ ಆಗದೆ, ನಿಲ್ಲಲೂ ಆಗದೆ ಮುಂದಕ್ಕೆ ಬಾಗಿ ಕೂತಿದ್ದರು. ರಾತ್ರಿ ಮೂರರ ಹೊತ್ತಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾಗಿ ನೇರ ಬೆನ್ನಿಗೆ ಹೊಡೆದಿತ್ತು. ನಾಲ್ಕೈದು ಸಲ ವಾಂತಿಯಾಗಿತ್ತು. ಊರಿನ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಇಸಿಜಿ ತೆಗೆದಿದ್ದರು. ಹೃದಯಕ್ಕೆ ಏನೂ ಆಗಿರಲಿಲ್ಲ.

ಇದು ಅವರಿಗೆ ಎರಡನೇ ಸಲ. ಹಿಂದಿನ ವರ್ಷದ ಮಳೆಗಾಲದಲ್ಲೂ ಇಂಥದೇ ನೋವು ಬಂದು, ಜಿಲ್ಲೆಯ ಹೊರಗಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಐದು ದಿನ ಇದ್ದರು. ಅಲ್ಲಿ ಸೇರಿದ ದಿನವೇ ಸಿಟಿ ಸ್ಕ್ಯಾನ್ ಆಗಿತ್ತು. ಡಿಸ್ಚಾರ್ಜ್ ಚೀಟಿಯಲ್ಲಿ 'ಮದ್ಯಪಾನದಿಂದಾದ ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್, ಕುಡಿತ ಬಿಡಬೇಕು' ಎಂದು ಬರೆದಿತ್ತು. ಅಂದರೆ ಮೇದೋಜೀರಕ ಗ್ರಂಥಿಯ ದಿಢೀರ್ ಉರಿಯೂತ, ಕಾರಣ ಕುಡಿತ. ಅವರು ಬಿಟ್ಟರು. ಕನಿಷ್ಠ ಬಿಟ್ಟೆ ಎಂದು ಹೇಳುತ್ತಿದ್ದರು.

ಈಗ ನೋವು ಮತ್ತೆ ಬಂದಾಗ ಮನೆಯವರು ಏನು ಅಂದುಕೊಂಡಿರಬಹುದು ಎಂದು ಬೇರೆ ಹೇಳಬೇಕಾಗಿಲ್ಲ. "ಮಾವನ ಮನೆಯಲ್ಲಿ ಎಲ್ಲರ ಜೊತೆ ಕೂತಿದ್ರು. ಅಷ್ಟು ಜನ ಕುಡೀತಿರುವಾಗ ಇವರೊಬ್ಬರೇ ಸುಮ್ನೆ ಕೂತಿದ್ರು ಅಂದ್ರೆ ಯಾರು ನಂಬ್ತಾರೆ ಡಾಕ್ಟ್ರೇ?" ಎಂದು ಹೆಂಡತಿ ಕೇಳಿದರು. ರೋಗಿ ಕಣ್ಣು ಮುಚ್ಚಿಕೊಂಡೇ, "ಒಂದು ತೊಟ್ಟೂ ಮುಟ್ಟಿಲ್ಲ ಸಾರ್. ಊಟ ಮಾತ್ರ ಜಾಸ್ತಿ ಆಯ್ತು" ಎಂದರು. ಊಟ ಅಂದರೆ ಪಂದಿ ಕರಿ, ಕಡಂಬುಟ್ಟು, ಆಮೇಲೆ ತುಪ್ಪ ಸುರಿದ ತಂಬುಟ್ಟು.

ನಾನು ಸ್ಕ್ಯಾನಿಂಗ್ ವಿಭಾಗದವನು. ರೋಗಿ ನಿಜ ಹೇಳುತ್ತಿದ್ದಾರೋ ಇಲ್ಲವೋ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಈ ಪ್ರಕರಣದಲ್ಲಿ ಸ್ಕ್ಯಾನ್ ಅದಕ್ಕೂ ಉತ್ತರ ಕೊಟ್ಟಿತು. ಹಿಂದಿನ ಸಲ ಆ ಉತ್ತರ ಯಾಕೆ ಸಿಗಲಿಲ್ಲ ಎಂಬುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.

ಎರಡು ಪೆಗ್ಗಿನ ಲೆಕ್ಕ

ಕುಡಿತದಿಂದ ಈ ಗ್ರಂಥಿ ಊದಿಕೊಳ್ಳುವುದು ನಿಜ. ಆದರೆ ಹಬ್ಬದ ದಿನ ಒಂದೆರಡು ಪೆಗ್ ಹಾಕಿದ್ದಕ್ಕೆ ಸಾಮಾನ್ಯವಾಗಿ ಹಾಗಾಗುವುದಿಲ್ಲ. ದಿನಕ್ಕೆ 50 ಗ್ರಾಮಿಗಿಂತ ಜಾಸ್ತಿ ಆಲ್ಕೋಹಾಲ್, ಅದೂ ಐದು ವರ್ಷಕ್ಕಿಂತ ಹೆಚ್ಚು ಕಾಲ ಕುಡಿದಿದ್ದರೆ ಅದನ್ನು ಕಾರಣ ಎಂದು ಒಪ್ಪುವುದು ವಾಡಿಕೆ. ಅಷ್ಟು ಕುಡಿಯುವವರಲ್ಲೂ ಕೆಲವರಿಗೆ ಮಾತ್ರ ಈ ಕಾಯಿಲೆ ಬರುತ್ತದೆ.

ನಮ್ಮಲ್ಲಿ ಸಿಗುವ ರಮ್ಮು, ವಿಸ್ಕಿಗಳಲ್ಲಿ ಸಾಮಾನ್ಯವಾಗಿ 42.8% ಆಲ್ಕೋಹಾಲ್ ಇರುತ್ತದೆ. 30 ಮಿ.ಲೀ.ಯ ಒಂದು ಸ್ಮಾಲ್ ಪೆಗ್ಗಿನಲ್ಲಿ ಅದು ಸುಮಾರು 10 ಗ್ರಾಂ. 50 ಗ್ರಾಂ ಆಗಬೇಕಾದರೆ ದಿನಾ ಐದು ಸ್ಮಾಲ್ ಬೇಕು. ಎಷ್ಟು ಕುಡೀತೀರಿ ಎಂದು ನೇರವಾಗಿ ಕೇಳಿದರೆ ಎಲ್ಲರೂ 'ಎರಡೇ' ಎನ್ನುತ್ತಾರೆ. ಅದಕ್ಕಿಂತ ಒಂದು ಬಾಟಲಿ ಎಷ್ಟು ದಿನ ಬರುತ್ತದೆ ಎಂದು ಕೇಳುವುದು ಒಳ್ಳೆಯದು. 750 ಮಿ.ಲೀ. ಬಾಟಲಿಯಲ್ಲಿ ಸುಮಾರು 250 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅದು ಐದೇ ದಿನಕ್ಕೆ ಖಾಲಿಯಾದರೆ ದಿನಕ್ಕೆ 50 ಗ್ರಾಂ ಆಯಿತು.

ಇವರ ವಿಷಯದಲ್ಲಿ ಲೆಕ್ಕ ಸುಲಭವಾಯಿತು. ಮಿಲಿಟರಿಯಿಂದ ನಿವೃತ್ತರಾದ ಅಣ್ಣ ಕ್ಯಾಂಟೀನಿನಿಂದ ತಿಂಗಳಿಗೆ ಎರಡು ಬಾಟಲಿ ತಂದುಕೊಡುತ್ತಿದ್ದರು. ಅದಕ್ಕಿಂತ ಹೆಚ್ಚು ಕೊಟ್ಟಿಲ್ಲ ಎಂದು ಅಣ್ಣನೇ ಹೇಳಿದರು. ಹೊರಗೆ ಕುಡಿಯುವ ಅಭ್ಯಾಸ ಇರಲಿಲ್ಲ ಎಂದು ಹೆಂಡತಿಯೂ ಒಪ್ಪಿಕೊಂಡರು. ಎರಡು ಬಾಟಲಿ ಅಂದರೆ 500 ಗ್ರಾಂ. ದಿನಕ್ಕೆ ಹಂಚಿದರೆ 17 ಗ್ರಾಂ ಆಗುತ್ತದೆ. ಅದೂ ಮಳೆಗಾಲದಲ್ಲಿ ಮಾತ್ರ. ಅಂದರೆ ಮೊದಲ ಸಲದ ಕಾಯಿಲೆಗೂ ಕುಡಿತ ಗಟ್ಟಿ ಕಾರಣ ಆಗಿರಲಿಲ್ಲ.

ಹಳೆಯ ಫೈಲು ತರಿಸಿ ನೋಡಿದೆವು. ಅದರಲ್ಲಿ ಸೇರಿದ ದಿನದ ರಕ್ತಪರೀಕ್ಷೆಯ ಹಾಳೆ ಇತ್ತು. ಲಿವರ್ ಪರೀಕ್ಷೆಯ ಸಾಲಿನಲ್ಲಿ ಎಎಲ್‌ಟಿ 286. ನೋವು ಶುರುವಾದ 48 ಗಂಟೆಯೊಳಗೆ ಈ ಅಂಕಿ 150 ದಾಟಿದರೆ ಪಿತ್ತದ ಕಲ್ಲನ್ನು ಮೊದಲು ಹುಡುಕಬೇಕು. ಕಲ್ಲು ಪಿತ್ತನಾಳದಲ್ಲಿ ಸಿಕ್ಕಿದಾಗ ಪಿತ್ತ ಹಿಂದಕ್ಕೆ ಒತ್ತುತ್ತದೆ, ಲಿವರ್ ಅದನ್ನು ಕೂಡಲೇ ತೋರಿಸುತ್ತದೆ. ಅಂಕಿ ಕಡಿಮೆ ಇದ್ದರೆ ಕಲ್ಲಿಲ್ಲ ಎಂದು ಹೇಳಲಾಗದು. ಜಾಸ್ತಿ ಇದ್ದರೆ ಮಾತ್ರ ಕಲ್ಲಿನ ಕಡೆಗೆ ಬಲವಾಗಿ ಬೆರಳು ಮಾಡುತ್ತದೆ. ಆ ಹಾಳೆಯ ಪಕ್ಕದಲ್ಲೇ ಸಿಟಿ ವರದಿ ಇತ್ತು: 'ಪಿತ್ತಕೋಶ ಸಾಧಾರಣ, ಕಲ್ಲು ಕಂಡುಬಂದಿಲ್ಲ.' ಅಲ್ಟ್ರಾಸೌಂಡ್ ಮಾಡಿದ ಗುರುತು ಫೈಲಿನಲ್ಲಿ ಎಲ್ಲೂ ಇರಲಿಲ್ಲ.

ಅಲ್ಟ್ರಾಸೌಂಡಿನಲ್ಲಿ ಕಂಡದ್ದು

ಈ ಸಲ ಎಎಲ್‌ಟಿ 340, ಪಿತ್ತ ತಡೆದಾಗ ಏರುವ ಬಿಲಿರುಬಿನ್ 2.9. ಮೇದೋಜೀರಕ ಗ್ರಂಥಿಯ ಕಿಣ್ವವಾದ ಲೈಪೇಸ್ ಸಾಮಾನ್ಯ ಮಿತಿಯ ಹತ್ತು ಪಟ್ಟಿಗಿಂತ ಮೇಲಿತ್ತು. ಬಹಳ ಏರಿದರೆ ಇದೇ ಕಾಯಿಲೆ ತರಬಲ್ಲ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಮತ್ತು ಕ್ಯಾಲ್ಸಿಯಂ ಸರಿಯಾಗಿದ್ದವು, ಹಾಗಾಗಿ ಆ ಎರಡು ಕಾರಣಗಳನ್ನು ಅಲ್ಲಿಗೇ ಬಿಟ್ಟೆವು.

ಈ ನೋವಿನಲ್ಲಿ ಅಲ್ಟ್ರಾಸೌಂಡ್ ಮಾಡುವುದು ಕಷ್ಟದ ಕೆಲಸ. ಉರಿಯೂತಕ್ಕೆ ಕರುಳು ಸುಸ್ತಾಗಿ ಚಲನೆ ನಿಲ್ಲಿಸಿರುತ್ತದೆ, ಒಳಗೆ ಗ್ಯಾಸ್ ತುಂಬಿರುತ್ತದೆ. ಅಲ್ಟ್ರಾಸೌಂಡಿನ ಅಲೆ ಗ್ಯಾಸನ್ನು ದಾಟುವುದಿಲ್ಲ. ಗ್ರಂಥಿ ಇರುವುದೋ ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ. ಅದಕ್ಕೇ ಎಷ್ಟೋ ವರದಿಗಳಲ್ಲಿ 'ಗ್ಯಾಸ್ ಅಡ್ಡ ಬಂದದ್ದರಿಂದ ಮೇದೋಜೀರಕ ಗ್ರಂಥಿ ಕಾಣಲಿಲ್ಲ' ಎಂಬ ಸಾಲು ಇರುತ್ತದೆ. ಆ ಸಾಲು ಓದಿ, ಅಲ್ಟ್ರಾಸೌಂಡಿನಿಂದ ಪ್ರಯೋಜನ ಆಗಲಿಲ್ಲ ಎಂದುಕೊಳ್ಳುವವರು ಬಹಳ. ನನ್ನ ಪ್ರಕಾರ ಅದು ತಪ್ಪು. ಮೊದಲ ದಿನದ ಅಲ್ಟ್ರಾಸೌಂಡ್ ಮಾಡುವುದು ಮುಖ್ಯವಾಗಿ ಗ್ರಂಥಿಗಾಗಿ ಅಲ್ಲ, ಪಿತ್ತಕೋಶಕ್ಕಾಗಿ. ಗ್ರಂಥಿ ಕಂಡರೆ ಲಾಭ ಅಷ್ಟೇ.

ಹಾಗಾಗಿ ಪಿತ್ತಕೋಶದಿಂದಲೇ ಶುರುಮಾಡಿದೆ. ಅಂಗಾತ ಮಲಗಿಸಿ ನೋಡಿದಾಗ ಪಿತ್ತಕೋಶ ತುಂಬಿತ್ತು, ಗೋಡೆ ತೆಳ್ಳಗಿತ್ತು, ಒಳಗೆ ಏನೂ ಇದ್ದಂತೆ ಕಾಣಲಿಲ್ಲ. ಇಲ್ಲಿಗೇ ನಿಲ್ಲಿಸಿದ್ದರೆ 'ಕಲ್ಲಿಲ್ಲ' ಎಂದೇ ಬರೆಯಬೇಕಾಗುತ್ತಿತ್ತು. ಎಡಮಗ್ಗುಲಿಗೆ ತಿರುಗಿಸಿ, ಪಕ್ಕೆಲುಬಿನ ಸಂದಿಯಿಂದ ನೋಡಿದಾಗ ಪಿತ್ತಕೋಶದ ಕುತ್ತಿಗೆಯಲ್ಲಿ ಅಡಗಿದ್ದ ಸಣ್ಣ ಸಣ್ಣ ಬಿಳಿ ಚುಕ್ಕೆಗಳು ಜಾರಿ ಕೆಳಗೆ ಬಂದವು. ಒಂದೊಂದೂ 3ರಿಂದ 4 ಮಿ.ಮೀ. ಎಲ್ಲ ಸೇರಿದ ಕಡೆ ಹಿಂದೆ ಕಪ್ಪು ನೆರಳು ಬಿದ್ದಿತ್ತು. ಜೊತೆಗೆ ಸ್ವಲ್ಪ ಕೆಸರಿನಂಥ ಗಸಿ. ಮಗ್ಗುಲು ಬದಲಿಸಿದಂತೆ ಜಾಗ ಬದಲಿಸುವುದು ಮತ್ತು ಹಿಂದೆ ನೆರಳು ಬೀಳುವುದು, ಈ ಎರಡೂ ಇದ್ದರೆ ಅದು ಕಲ್ಲೇ. ಜಾಗ ಬಿಟ್ಟು ಕದಲದೆ ಇದ್ದರೆ ಗೋಡೆಗೆ ಅಂಟಿದ ಪಾಲಿಪ್ ಇರಬಹುದು.

ಕಲ್ಲು ಸಣ್ಣದು ಎಂದರೆ ಜನ ನಿರಾಳರಾಗುತ್ತಾರೆ. ಈ ಕಾಯಿಲೆಯ ಮಟ್ಟಿಗೆ ಸಣ್ಣ ಕಲ್ಲೇ ಜಾಸ್ತಿ ಅಪಾಯ. ದೊಡ್ಡ ಕಲ್ಲು ಪಿತ್ತಕೋಶದ ಬಾಯಿ ದಾಟುವುದು ಕಷ್ಟ. 5 ಮಿ.ಮೀ.ಗಿಂತ ಸಣ್ಣದು ಸಲೀಸಾಗಿ ಜಾರಿ ಪಿತ್ತನಾಳಕ್ಕೆ ಇಳಿಯುತ್ತದೆ. ಪಿತ್ತನಾಳ ಮತ್ತು ಮೇದೋಜೀರಕ ಗ್ರಂಥಿಯ ನಾಳ ಸಣ್ಣಕರುಳಿಗೆ ಸೇರುವುದು ಹೆಚ್ಚಿನವರಲ್ಲಿ ಒಂದೇ ಬಾಯಿಯಲ್ಲಿ. ಕಲ್ಲು ಅಲ್ಲಿ ಸ್ವಲ್ಪ ಹೊತ್ತು ನಿಂತರೂ ಸಾಕು, ಗ್ರಂಥಿಯ ರಸ ಹೊರಗೆ ಹೋಗಲಾಗದೆ ಒಳಗೇ ಚುರುಕಾಗಿ ಗ್ರಂಥಿಯನ್ನೇ ಸುಡಲು ಶುರುಮಾಡುತ್ತದೆ. ಜಿಡ್ಡಿನ ಊಟ ಮಾಡಿದಾಗ ಪಿತ್ತಕೋಶ ಬಲವಾಗಿ ಹಿಂಡುತ್ತದೆ. ಇವರ ಕಲ್ಲು ಹುತ್ತರಿ ಊಟದ ರಾತ್ರಿ ಹೊರಟದ್ದು ಆಶ್ಚರ್ಯವಲ್ಲ.

ಪಿತ್ತನಾಳ 8 ಮಿ.ಮೀ.ಗೆ ಹಿಗ್ಗಿತ್ತು. 6ರ ಆಸುಪಾಸು ಇದ್ದರೆ ಸಾಮಾನ್ಯ. ನಾಳದ ಕೆಳತುದಿ ಮಾತ್ರ ಕರುಳಿನ ಗ್ಯಾಸಿನ ಹಿಂದೆ ಮುಚ್ಚಿಹೋಗಿತ್ತು. ಅಲ್ಲಿ ಕಲ್ಲು ಇನ್ನೂ ಕೂತಿದೆಯೋ ಜಾರಿ ಹೋಗಿದೆಯೋ ಹೇಳಲಾಗಲಿಲ್ಲ. ಅಲ್ಟ್ರಾಸೌಂಡಿನ ನಿಜವಾದ ಕೊರತೆ ಇದೇ. ಪಿತ್ತಕೋಶದೊಳಗಿನ ಕಲ್ಲನ್ನು ಹಿಡಿಯುವಷ್ಟು ಚೆನ್ನಾಗಿ ಅದು ನಾಳದ ಕಲ್ಲನ್ನು ಹಿಡಿಯುವುದಿಲ್ಲ. ವರದಿಯಲ್ಲಿ 'ನಾಳದಲ್ಲಿ ಕಲ್ಲಿಲ್ಲ' ಎಂದು ಬರೆಯದೆ 'ಕೆಳತುದಿ ಕಂಡಿಲ್ಲ' ಎಂದೇ ಬರೆದೆ.

ಆಮೇಲೆ ಗ್ರಂಥಿಯ ಸರದಿ. ವಾಂತಿಯಾಗುತ್ತಿದ್ದವರಿಗೆ ನೀರು ಕುಡಿಸಿ ಜಠರವನ್ನು ಕಿಟಕಿ ಮಾಡಿಕೊಳ್ಳುವ ಉಪಾಯ ಇಲ್ಲಿ ನಡೆಯುತ್ತಿರಲಿಲ್ಲ. ಅರ್ಧ ಕೂರಿಸಿ, ಲಿವರಿನ ಎಡಭಾಗದ ಮೂಲಕ, ಪ್ರೋಬನ್ನು ನಿಧಾನವಾಗಿ ಒತ್ತಿ ಗ್ಯಾಸ್ ಸರಿಸಿಕೊಂಡೆ. ಗುಲ್ಮದ ರಕ್ತನಾಳ ಗ್ರಂಥಿಯ ಹಿಂದೆಯೇ ಹರಿಯುತ್ತದೆ, ಅದು ಸಿಕ್ಕರೆ ಗ್ರಂಥಿ ಸಿಕ್ಕಂತೆ. ಸಿಕ್ಕಿತು. ನಡುಭಾಗದ ದಪ್ಪ 3.2 ಸೆಂ.ಮೀ. ಇತ್ತು, 2.5 ದಾಟಬಾರದಿತ್ತು. ಈ ವಯಸ್ಸಿನಲ್ಲಿ ಲಿವರಿಗಿಂತ ಸ್ವಲ್ಪ ಬೆಳ್ಳಗೆ ಕಾಣಬೇಕಾದ ಗ್ರಂಥಿ ನೀರು ಹಿಡಿದು ಕಪ್ಪಾಗಿತ್ತು. ಅಂಚು ಮಸುಕಾಗಿತ್ತು. ಅದರ ಮುಂದೆ, ಜಠರದ ಹಿಂದೆ, ತೆಳುವಾದ ಕಪ್ಪು ಪಟ್ಟಿಯಂತೆ ನೀರು. ಎಡಪಕ್ಕೆಯಿಂದ ನೋಡಿದಾಗ ಎಡ ಶ್ವಾಸಕೋಶದ ಬುಡದಲ್ಲೂ ಸ್ವಲ್ಪ ನೀರಿತ್ತು. ತಲೆಭಾಗ ಅರೆಬರೆ ಕಂಡಿತು, ಬಾಲ ಕಾಣಲೇ ಇಲ್ಲ.

ಸಿಟಿ ಬೇಕು, ಆದರೆ ಇವತ್ತಲ್ಲ

"ಹೋದ ಸಲ ಬಂದ ಕೂಡಲೇ ಸಿಟಿ ಮಾಡಿದ್ರು. ಇಲ್ಲಿ ಮೆಷಿನ್ ಇದ್ದೂ ಯಾಕೆ ಮಾಡ್ತಾ ಇಲ್ಲ?" ಎಂದು ಅಣ್ಣ ಗಟ್ಟಿಯಾಗಿಯೇ ಕೇಳಿದರು. ನ್ಯಾಯವಾದ ಪ್ರಶ್ನೆ.

ಕಾಯಿಲೆ ಇದೇ ಎಂದು ಹೇಳಲು ಮೂರರಲ್ಲಿ ಎರಡು ಸಾಕು: ಬೆನ್ನಿಗೆ ಹೊಡೆಯುವಂಥ ಮೇಲ್ಹೊಟ್ಟೆಯ ನೋವು, ಸಾಮಾನ್ಯ ಮಿತಿಯ ಮೂರು ಪಟ್ಟಿಗಿಂತ ಏರಿದ ಲೈಪೇಸ್ ಅಥವಾ ಅಮೈಲೇಸ್, ಸ್ಕ್ಯಾನಿನಲ್ಲಿ ಕಾಣುವ ಬದಲಾವಣೆ. ಇವರಲ್ಲಿ ಮೊದಲೆರಡೂ ಇದ್ದವು. ಇನ್ನು ಸಿಟಿ ಹೇಳಬೇಕಾದದ್ದು ಕಾಯಿಲೆಯ ಹೆಸರನ್ನಲ್ಲ, ಗ್ರಂಥಿಯ ಯಾವ ಭಾಗವಾದರೂ ಸತ್ತಿದೆಯೇ ಎಂಬುದನ್ನು. ಅದು ಮೊದಲ ದಿನ ಗೊತ್ತಾಗುವುದಿಲ್ಲ. ರಕ್ತ ಹರಿಯದೆ ಸತ್ತ ಭಾಗ ಸ್ಪಷ್ಟವಾಗಲು ಸುಮಾರು 72 ಗಂಟೆ ಬೇಕು. ಬೇಗ ತೆಗೆದ ಸಿಟಿಯಲ್ಲಿ ಎಲ್ಲ ಚೆನ್ನಾಗಿ ಕಂಡು, ಆಮೇಲೆ ಅದೇ ಗ್ರಂಥಿ ಕೊಳೆತದ್ದು ಉಂಟು. ಹೊಟ್ಟೆನೋವಿನ ಕಾರಣವೇ ಅನುಮಾನವಿದ್ದರೆ, ಕರುಳು ತೂತಾಗಿರಬಹುದು ಎನಿಸಿದರೆ ಮಾತು ಬೇರೆ. ಆಗ ಕಾಯಬಾರದು.

ಅಲ್ಲಿಯವರೆಗೆ ನೋವಿಗೆ ಔಷಧ, ರಿಂಗರ್ ಲ್ಯಾಕ್ಟೇಟ್ ಡ್ರಿಪ್. ಹಿಂದೆ ಇಂಥವರಿಗೆ ಡ್ರಿಪ್ಪನ್ನು ಧಾರಾಳವಾಗಿ ಸುರಿಯುತ್ತಿದ್ದರು. 2022ರಲ್ಲಿ ಬಂದ ವಾಟರ್‌ಫಾಲ್ ಅಧ್ಯಯನದಲ್ಲಿ, ಹಾಗೆ ಸುರಿದವರಿಗೆ ಲಾಭ ಆಗದೆ ಮೈಯಲ್ಲಿ ನೀರು ಹೆಚ್ಚಾದದ್ದು ಕಂಡಿತು. ಈಗ ಗಂಟೆಗೆ ಕೆ.ಜಿ.ಗೆ 1.5 ಮಿ.ಲೀ. ಲೆಕ್ಕ. ಇವರಿಗೆ ಗಂಟೆಗೆ ಸುಮಾರು 100 ಮಿ.ಲೀ. ಆಯಿತು, ವಾಂತಿಯಲ್ಲಿ ಹೋದದ್ದಕ್ಕೆ ಮೊದಲು ಸ್ವಲ್ಪ ಹೆಚ್ಚು ಕೊಟ್ಟರು. ಆಂಟಿಬಯಾಟಿಕ್ ಕೊಡಲಿಲ್ಲ. ಸೋಂಕು ಇಲ್ಲದೆ, ಬಾರದಿರಲಿ ಎಂದು ಕೊಡುವುದರಿಂದ ಈ ಕಾಯಿಲೆಯಲ್ಲಿ ಉಪಯೋಗವಿಲ್ಲ.

ಐದನೇ ದಿನಕ್ಕೆ ಪರಿಸ್ಥಿತಿ ಅನುಮಾನ ಹುಟ್ಟಿಸುವಂತಿತ್ತು. ಜ್ವರ 38.4 ಡಿಗ್ರಿ ಸೆಲ್ಸಿಯಸ್, ನಾಡಿ 110, ನೋವು ಇಳಿಯುತ್ತಿಲ್ಲ, ಹೊಟ್ಟೆ ಉಬ್ಬರ. ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ಸರಿಯಾಗಿತ್ತು. ಈಗ ಸಿಟಿಗೆ ಕಾರಣವೂ ಇತ್ತು, ಸಮಯವೂ ಆಗಿತ್ತು. ರಕ್ತ ಹರಿಯುವ ಕಡೆಯೆಲ್ಲ ಸಿಟಿಯಲ್ಲಿ ಬೆಳ್ಳಗೆ ತೋರಿಸುವ ಕಾಂಟ್ರಾಸ್ಟ್ ಔಷಧವನ್ನು ರಕ್ತನಾಳಕ್ಕೆ 100 ಮಿ.ಲೀ. ಕೊಟ್ಟು, ಗ್ರಂಥಿ ಅತಿ ಹೆಚ್ಚು ಬೆಳಗುವ 40ನೇ ಸೆಕೆಂಡಿಗೆ ಒಂದು ಸಲ, ರಕ್ತನಾಳಗಳಿಗಾಗಿ 70ಕ್ಕೆ ಇನ್ನೊಂದು ಸಲ ತೆಗೆದೆವು. ಕಾಂಟ್ರಾಸ್ಟ್ ಇಲ್ಲದ ಸಿಟಿ ಇಲ್ಲಿ ಅರ್ಧ ಕುರುಡು. ಊತ ಕಾಣುತ್ತದೆ, ಜೀವ ಇದೆಯೋ ಇಲ್ಲವೋ ಕಾಣುವುದಿಲ್ಲ.

ತಲೆಯಿಂದ ಬಾಲದವರೆಗೆ ಇಡೀ ಗ್ರಂಥಿ ಊದಿಕೊಂಡಿತ್ತು. ಸುತ್ತಲಿನ ಕೊಬ್ಬು ಕರ್ರಗೆ ಸ್ವಚ್ಛವಾಗಿರುವ ಬದಲು ಬೂದುಬಣ್ಣದ ಎಳೆಗಳಿಂದ ಮಾಸಿತ್ತು. ಆದರೆ ಗ್ರಂಥಿಯ ಎಲ್ಲ ಭಾಗವೂ ಕಾಂಟ್ರಾಸ್ಟ್ ಹಿಡಿದು ಬೆಳಗಿತು, ಸಾಂದ್ರತೆ ಹೆಚ್ಚುಕಡಿಮೆ ಎಲ್ಲೆಡೆ ಸಿಟಿಯ ಅಳತೆಯಲ್ಲಿ 95 ಹೌನ್ಸ್‌ಫೀಲ್ಡ್. ಸತ್ತ ಭಾಗವಾಗಿದ್ದರೆ ಕಾಂಟ್ರಾಸ್ಟ್ ಹಿಡಿಯದೆ 30ರ ಕೆಳಗೇ ಉಳಿಯುತ್ತಿತ್ತು. ಇಲ್ಲಿ ಅಂಥ ಜಾಗ ಇರಲಿಲ್ಲ. ಐದನೇ ದಿನ ಹೀಗಿದ್ದರೆ ನಂಬಬಹುದು.

ನೀರು ಮಾತ್ರ ಜಾಸ್ತಿಯಾಗಿತ್ತು. ಗದ್ದೆಯ ಬದು ಒಡೆದಾಗ ನೀರು ಇಳಿಜಾರು ಹುಡುಕಿಕೊಂಡು ಹೋಗುವಂತೆ, ಈ ಗ್ರಂಥಿಯಿಂದ ಸೋರಿದ ರಸವೂ ಸಿಕ್ಕಲ್ಲಿ ಹರಿಯುವುದಿಲ್ಲ, ಇರುವ ದಾರಿಯನ್ನೇ ಹಿಡಿಯುತ್ತದೆ. ಮೊದಲು ಜಠರದ ಹಿಂದಿನ ಚೀಲದಂಥ ಜಾಗ. ಅಲ್ಲಿ 5 ಸೆಂ.ಮೀ. ಉದ್ದ, 3 ಸೆಂ.ಮೀ. ದಪ್ಪದ ನೀರು ನಿಂತಿತ್ತು. ಅಲ್ಲಿಂದ ಎಡ ಮೂತ್ರಪಿಂಡದ ಮುಂದಿನ ಸಂದಿ, ಕೊನೆಗೆ ಎಡ ದೊಡ್ಡಕರುಳಿನ ಪಕ್ಕದ ಕಾಲುವೆ. ಮೂತ್ರಪಿಂಡವನ್ನು ಸುತ್ತಿದ ತೆಳುಪೊರೆ ದಪ್ಪಗಾಗಿತ್ತು. ಆ ಪೊರೆ ದಪ್ಪಗಾಗಿದ್ದೂ ಮೂತ್ರಪಿಂಡ ಚೆನ್ನಾಗಿದ್ದರೆ ಮೇದೋಜೀರಕ ಗ್ರಂಥಿಯ ಕಡೆ ಒಮ್ಮೆ ನೋಡಿ ಎಂದು ಕಲಿಯಲು ಬರುವವರಿಗೆ ಹೇಳುತ್ತಿರುತ್ತೇನೆ.

ನೀರಿನ ಸಾಂದ್ರತೆ 12 ಹೌನ್ಸ್‌ಫೀಲ್ಡ್. ಅಂದರೆ ತಿಳಿಯಾದದ್ದು, ರಕ್ತ ಬೆರೆತಿಲ್ಲ. ಸುತ್ತ ಗೋಡೆ ಕಟ್ಟಿಲ್ಲ. ಒಳಗೆ ಗಾಳಿಗುಳ್ಳೆಗಳಿಲ್ಲ, ಇದ್ದಿದ್ದರೆ ಸೋಂಕಿನ ಭಯ ಇರುತ್ತಿತ್ತು. ಗುಲ್ಮದ ರಕ್ತನಾಳ ಗಡ್ಡೆಕಟ್ಟಿರಲಿಲ್ಲ. ತೀವ್ರತೆಯ ಅಂಕ ಹಾಕುವಾಗ ನೀರು ನಿಂತದ್ದಕ್ಕೆ 4, ಸತ್ತ ಭಾಗ ಇಲ್ಲದ್ದಕ್ಕೆ 0, ಶ್ವಾಸಕೋಶದ ಪಕ್ಕದ ನೀರಿಗೆ 2. ಒಟ್ಟು ಹತ್ತಕ್ಕೆ 6, ಅಂದರೆ ಮಧ್ಯಮ.

ಈಗ ಅಸಲಿ ವಿಷಯ. ಅದೇ ಸಿಟಿಯಲ್ಲಿ ಪಿತ್ತಕೋಶವನ್ನು ತೆಳು ತೆಳು ಪದರದಲ್ಲಿ, ಬೇರೆ ಬೇರೆ ಹೊಳಪಿನಲ್ಲಿ ಹುಡುಕಿದೆ. ಕಲ್ಲು ಇಲ್ಲ. ಒಂದೂ ಇಲ್ಲ. ಎಲ್ಲ ಜಾರಿಹೋದವೇ ಎಂದು ಅವತ್ತು ಸಂಜೆಯೇ ವಾರ್ಡಿಗೆ ಹೋಗಿ ಮತ್ತೆ ಅಲ್ಟ್ರಾಸೌಂಡ್ ಇಟ್ಟೆ. ಕಲ್ಲುಗಳು ಇದ್ದಲ್ಲೇ ಇದ್ದವು.

ಕಾರಣ ಸರಳ. ಸಿಟಿಗೆ ಕಾಣುವುದು ಸಾಂದ್ರತೆಯ ವ್ಯತ್ಯಾಸ. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದ್ದರೆ ಬೆಳ್ಳಗೆ ಹೊಳೆಯುತ್ತದೆ. ಬರೀ ಕೊಲೆಸ್ಟರಾಲ್ ಕಲ್ಲಿನ ಸಾಂದ್ರತೆ ಸುತ್ತಲಿನ ಪಿತ್ತಕ್ಕೆ ಹತ್ತಿರವಿರುತ್ತದೆ, ಹಾಗಾಗಿ ಅದರಲ್ಲೇ ಕರಗಿ ಮಾಯವಾದಂತೆ ಕಾಣುತ್ತದೆ. ಅಲ್ಟ್ರಾಸೌಂಡಿಗೆ ಕ್ಯಾಲ್ಸಿಯಂ ಬೇಕಿಲ್ಲ. ಗಟ್ಟಿ ವಸ್ತುವಿಗೆ ಅಲೆ ಬಡಿದು ವಾಪಸ್ ಬಂದರೆ ಸಾಕು. ಪಿತ್ತಕೋಶದ ಕಲ್ಲು ಹುಡುಕಲು ಹಳೆಯ, ಅಗ್ಗದ ಮೆಷಿನ್ನೇ ದುಬಾರಿಯದಕ್ಕಿಂತ ಮೇಲು ಎಂದರೆ ಜನ ನಂಬುವುದಿಲ್ಲ.

ಅವರ ಮಗ ಹಳೆಯ ಸಿಟಿಯ ಸಿಡಿಯನ್ನೂ ತಂದಿದ್ದ. ಅದನ್ನೂ ಹಾಕಿ ನೋಡಿದೆ. ವರದಿ ಬರೆದವರ ತಪ್ಪೇನೂ ಇರಲಿಲ್ಲ, ಅದರಲ್ಲೂ ಕಲ್ಲು ಕಾಣುತ್ತಿರಲಿಲ್ಲ. ಎಡವಿದ್ದು ಅದರ ಮುಂದಿನ ಹೆಜ್ಜೆಯಲ್ಲಿ. 'ಸಿಟಿಯಲ್ಲಿ ಕಂಡಿಲ್ಲ' ಎಂಬುದನ್ನು 'ಕಲ್ಲಿಲ್ಲ' ಎಂದು ಓದಿದರು. ಕೊಡಗಿನವರು, ಕುಡಿಯುತ್ತಾರೆ, ಆದ್ದರಿಂದ ಕುಡಿತವೇ ಕಾರಣ ಎಂದು ಉಳಿದದ್ದನ್ನು ತುಂಬಿಕೊಂಡರು. ಊದಿದ ಗ್ರಂಥಿ ತಾನು ಯಾಕೆ ಊದಿದೆ ಎಂದು ಹೇಳುವುದಿಲ್ಲ. ಕಲ್ಲಿನಿಂದಾದರೂ, ಕುಡಿತದಿಂದಾದರೂ ಮೊದಲ ಸಲದ ಚಿತ್ರ ಒಂದೇ. ವರ್ಷಗಟ್ಟಲೆ ಕುಡಿದವರಲ್ಲಿ ಗ್ರಂಥಿಯೊಳಗೆ ಸುಣ್ಣದ ಚುಕ್ಕೆ, ಅಂಕುಡೊಂಕಾಗಿ ಹಿಗ್ಗಿದ ನಾಳ ಕಾಣಬಹುದು. ಇವರಲ್ಲಿ ಎರಡು ಸಿಟಿಯಲ್ಲೂ ಅವಿರಲಿಲ್ಲ. ಹಾಗೆಂದು ಕುಡಿಯುವವರಿಗೆ ಕಲ್ಲು ಬರಬಾರದೆಂದೇನೂ ಇಲ್ಲವಲ್ಲ. ದಿನಾ ಬಾಟಲಿ ಖಾಲಿ ಮಾಡುವವರಿಗೂ ಪಿತ್ತಕೋಶದ ಅಲ್ಟ್ರಾಸೌಂಡ್ ಆಗಲೇಬೇಕು. ಮೊದಲ ಸಲ ಕಲ್ಲು ಸಿಗದಿದ್ದರೆ, ಗ್ಯಾಸ್ ಇಳಿದು ನೋವು ಹೋದ ಮೇಲೆ ಖಾಲಿ ಹೊಟ್ಟೆಯಲ್ಲಿ ಇನ್ನೊಂದು ಸಲ ನೋಡಬೇಕು.

ನೀರಿಗೆ ಸೂಜಿ ಹಾಕಲಿಲ್ಲ

ಜ್ವರ ಇದೆ, ಒಳಗೆ ನೀರು ನಿಂತಿದೆ. ಸೂಜಿ ಹಾಕಿ ತೆಗೆದುಬಿಡಿ ಎಂದು ಡ್ಯೂಟಿಯಲ್ಲಿದ್ದ ಕಿರಿಯ ವೈದ್ಯರು ಕೇಳಿದರು. ನಾನು ಬೇಡ ಎಂದೆ. ಮೊದಲ ವಾರದ ಜ್ವರ ಹೆಚ್ಚಾಗಿ ಉರಿಯೂತದ್ದೇ, ಸೋಂಕಿನದ್ದಲ್ಲ. ನಾಲ್ಕು ವಾರದೊಳಗಿನ, ಗೋಡೆ ಕಟ್ಟದ, ತಿಳಿನೀರು ಬಹುತೇಕ ತಾನಾಗಿ ಹೀರಿಕೊಂಡು ಹೋಗುತ್ತದೆ. ಚೊಕ್ಕಟವಾಗಿರುವ ನೀರಿಗೆ ಕೊಳವೆ ಹಾಕಿದರೆ ಹೊರಗಿನ ಕ್ರಿಮಿಗೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ. ನಾಲ್ಕು ವಾರ ಕಳೆದೂ ಉಳಿದು, ಸುತ್ತ ಗೋಡೆ ಕಟ್ಟಿಕೊಂಡರೆ ಅದನ್ನು ಸ್ಯೂಡೋಸಿಸ್ಟ್ ಎನ್ನುತ್ತಾರೆ. ತೊಂದರೆ ಕೊಟ್ಟರೆ ಆಗ ತೆಗೆಯುವುದು ಸುರಕ್ಷಿತ.

ಜ್ವರಕ್ಕೆ ಇನ್ನೊಂದು ಕಾರಣ ಇರಬಹುದಿತ್ತು: ನಾಳದಲ್ಲಿ ಕಲ್ಲು ಸಿಕ್ಕಿ ಪಿತ್ತಕ್ಕೆ ಸೋಂಕಾಗುವುದು. ಹಾಗಿದ್ದರೆ ಒಂದು ದಿನವೂ ಕಾಯುವಂತಿಲ್ಲ, ಎಂಡೋಸ್ಕೋಪಿಯಲ್ಲಿ ನಾಳದ ಬಾಯಿ ತೆರೆಯಬೇಕು, ಅದಕ್ಕೆ ಮೈಸೂರಿಗೆ ಕಳಿಸಬೇಕು. ಘಟ್ಟದ ರಸ್ತೆಯಲ್ಲಿ 120 ಕಿ.ಮೀ. ಆದರೆ ಬಿಲಿರುಬಿನ್ ಆಗಲೇ 1.3ಕ್ಕೆ ಇಳಿದಿತ್ತು. ಪಿತ್ತನಾಳವೂ 8ರಿಂದ 6 ಮಿ.ಮೀ.ಗೆ ಕುಗ್ಗಿತ್ತು. ಕಲ್ಲು ತಾನಾಗಿ ಕರುಳಿಗೆ ಜಾರಿತ್ತು, ಹೆಚ್ಚಿನವರಲ್ಲಿ ಆಗುವುದೂ ಹೀಗೆಯೇ. ರಕ್ತದ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಏಳನೇ ದಿನ ಜ್ವರ ಬಿಟ್ಟಿತು. ಗಂಜಿ, ಆಮೇಲೆ ಅನ್ನ ಶುರುವಾಯಿತು. ಹನ್ನೊಂದನೇ ದಿನ ಮನೆಗೆ ಹೋದರು.

ಇಲ್ಲಿ ಒಂದು ಜಗ್ಗಾಟ ನಡೆಯಿತು. ಕಲ್ಲಿನಿಂದಾದ ಕಾಯಿಲೆ ಹಗುರವಾಗಿದ್ದರೆ ಆಸ್ಪತ್ರೆಯಿಂದ ಹೋಗುವ ಮೊದಲೇ ಪಿತ್ತಕೋಶ ತೆಗೆಯುವುದು ಈಗಿನ ಪದ್ಧತಿ. ನೆದರ್ಲೆಂಡ್ಸ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪೊಂಚೊ ಅಧ್ಯಯನದಲ್ಲಿ, ಮನೆಗೆ ಕಳಿಸಿ ಸುಮಾರು ಒಂದು ತಿಂಗಳ ಮೇಲೆ ಆಪರೇಷನ್ ಮಾಡಿದವರಲ್ಲಿ 17% ಜನರಿಗೆ ಕಲ್ಲಿನ ತೊಂದರೆ ಮರುಕಳಿಸಿತ್ತು ಅಥವಾ ಸಾವು ಬಂದಿತ್ತು. ಆಗಲೇ ಮಾಡಿಸಿಕೊಂಡವರಲ್ಲಿ ಅದು 5%. ಆದರೆ ಇವರದು ಹಗುರ ಅಲ್ಲ, ಸುತ್ತ ನೀರಿತ್ತು. ಹಾಗಿರುವಾಗ ಆಪರೇಷನ್ನಿಗೆ ಕೈಹಾಕಿದರೆ ಸೋಂಕಿನ ಅಪಾಯ. ನೀರು ಇಳಿಯುವವರೆಗೆ, ಸುಮಾರು ಆರು ವಾರ ಕಾಯೋಣ ಎಂದು ಸರ್ಜನ್ ಹೇಳಿದರು.

ಆರು ವಾರ ಅಂದರೆ ಜನವರಿಯ ಕೊನೆ. ಕಾಫಿ ಕುಯ್ಲು ಜೋರಾಗಿರುವ ಹೊತ್ತು. ಕೆಲಸದವರ ಹಾಜರಿಯ ಚೆಕ್ ರೋಲ್ ಬರೆಯುವವರು, ಮೂಟೆ ತೂಕ ಹಾಕಿಸುವವರು ಇವರೇ. "ಕುಯ್ಲು ಮುಗೀಲಿ ಸಾರ್, ಏಪ್ರಿಲ್‌ನಲ್ಲಿ ಮಾಡಿಸ್ತೇನೆ. ಈಗ ನೋವೇ ಇಲ್ವಲ್ಲ" ಎಂದರು. ನೋವಿಲ್ಲದ್ದು ನಿಜ. ಆದರೆ ಆ 3 ಮಿ.ಮೀ. ಕಲ್ಲುಗಳು ಇನ್ನೂ ಅಲ್ಲೇ ಇದ್ದವು. ಅಲ್ಟ್ರಾಸೌಂಡ್ ಪರದೆಯನ್ನು ಅವರ ಕಡೆ ತಿರುಗಿಸಿ, ಮಗ್ಗುಲು ಬದಲಿಸಿದಾಗ ಕಲ್ಲು ಉರುಳುವುದನ್ನು ತೋರಿಸಿದೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಜನವರಿಗೇ ಎಂದು ತೀರ್ಮಾನಿಸಿದರು. ಒಂದು ವರ್ಷ ನಂಬದೆ ಬೈದದ್ದಕ್ಕೆ ಅವರು ಗಂಡನ ಹತ್ತಿರ ಏನಾದರೂ ಹೇಳಿದರೋ ಏನೋ, ನಾನು ಕೇಳಲಿಲ್ಲ.

ನಾಲ್ಕನೇ ವಾರದ ಅಲ್ಟ್ರಾಸೌಂಡಿನಲ್ಲಿ ಜಠರದ ಹಿಂದಿನ ನೀರು 2 ಸೆಂ.ಮೀ.ಗೆ ಇಳಿದಿತ್ತು, ಗೋಡೆ ಕಟ್ಟಿರಲಿಲ್ಲ. ಆರನೇ ವಾರ ಏನೂ ಉಳಿದಿರಲಿಲ್ಲ. ಗ್ರಂಥಿಯ ನಡುಭಾಗ 2.1 ಸೆಂ.ಮೀ.ಗೆ ಬಂದಿತ್ತು. ಮೈಸೂರಿನಲ್ಲಿ ಪಿತ್ತನಾಳವನ್ನು ತೋರಿಸುವ ಎಂಆರ್‌ಐ ಸ್ಕ್ಯಾನ್ ಆದ ಎಂಆರ್‌ಸಿಪಿ ಮಾಡಿಸಿ ನಾಳದಲ್ಲಿ ಕಲ್ಲಿಲ್ಲ ಎಂದು ಖಚಿತ ಮಾಡಿಕೊಂಡರು. ಆಮೇಲೆ ಲ್ಯಾಪ್ರೊಸ್ಕೋಪಿಯಲ್ಲಿ ಪಿತ್ತಕೋಶ ತೆಗೆದರು. ಒಳಗಿದ್ದದ್ದು ಹಳದಿ ಬಣ್ಣದ ಸಣ್ಣ ಕೊಲೆಸ್ಟರಾಲ್ ಕಲ್ಲುಗಳು, ಸಿಟಿಯಲ್ಲಿ ಕಾಣದ ಜಾತಿಯವೇ.

ಹೊಸ ಡಿಸ್ಚಾರ್ಜ್ ಚೀಟಿಯಲ್ಲಿ ಕಾರಣದ ಜಾಗದಲ್ಲಿ ಪಿತ್ತದ ಕಲ್ಲು ಎಂದು ಬರೆದು, ಹಿಂದಿನ ಸಲದ್ದೂ ಬಹುಶಃ ಇದರಿಂದಲೇ ಎಂದು ಸರ್ಜನ್ ಸೇರಿಸಿದರು. ಹಾಗಾದರೆ ಮುಂದಿನ ಮಳೆಗಾಲಕ್ಕೆ ಆ ಎರಡು ಪೆಗ್ ತೆಗೆದುಕೊಳ್ಳಬಹುದಾ ಎಂದು ಅಣ್ಣ ತಮ್ಮನ ಪರವಾಗಿ ವಿಚಾರಿಸಿದರು. ಎರಡು ಸಲ ಸುಟ್ಟುಕೊಂಡ ಗ್ರಂಥಿ, ಈ ವರ್ಷವಂತೂ ಬೇಡ ಎಂದು ಸರ್ಜನ್ ಹೇಳಿದರು. ಈ ಕಾಯಿಲೆಯ ಮೇಲೆ ಕೆಲವರಿಗೆ ಸಕ್ಕರೆ ಕಾಯಿಲೆ ಬರುವುದುಂಟು. ಹಾಗಾಗಿ ಆರು ತಿಂಗಳಿಗೊಮ್ಮೆ ರಕ್ತದ ಸಕ್ಕರೆ ನೋಡಿಸಿಕೊಳ್ಳಲು ಬರೆದುಕೊಟ್ಟಿದ್ದಾರೆ.